ಸರ್ವರ್ ನಿಂತ ಮೇಲೆ ಮೇಲಿನವರಿಗೆ ಬರೆಯುವ ಇಮೇಲ್: ಒಂದು ಕೇಸ್ ಹಿಡಿದು ಹಂತ ಹಂತವಾಗಿ

ಸರ್ವೀಸ್ ನಿಂತಿತು, ಓಡಾಡಿ ಸರಿ ಮಾಡಿದ್ದೂ ಆಯ್ತು. ಆಮೇಲೆ ಒಂದು ಕೆಲಸ ಉಳಿಯುತ್ತದೆ. ಎಂ.ಡಿ.ಗೆ, ಫೈನಾನ್ಸ್ ನೋಡುವವರಿಗೆ, ಚೇರ್ಮನ್‌ಗೆ ಏನಾಯ್ತು ಅಂತ ಬರೆದು ಕಳಿಸಬೇಕು. ಅವರಿಗೆ ಸರ್ವರ್ ಗೊತ್ತಿರಬೇಕಾಗಿಲ್ಲ. ಆದರೆ ನಾಳೆ ಬೆಳಿಗ್ಗೆ ಒಬ್ಬ ಬೆಳೆಗಾರ ಫೋನ್ ಮಾಡಿ ಬೈದರೆ ಉತ್ತರ ಕೊಡಬೇಕಾದವರು ಅವರೇ. ಹಾಗಾಗಿ ಆ ಮೇಲ್ ಅವರ ಕೈಗೆ ಉತ್ತರ ಕೊಡಬೇಕು, ನಮ್ಮ ಕಷ್ಟ ಹೇಳೋದಲ್ಲ.

ಸುಮ್ನೆ ಟೆಂಪ್ಲೇಟ್ ಕೊಟ್ಟರೆ ಪ್ರಯೋಜನ ಕಡಿಮೆ. ಒಂದು ಕೇಸ್ ಇಟ್ಟುಕೊಂಡು ಕೊನೆವರೆಗೂ ಹೋಗೋಣ. ಕಂಪನಿ, ಸಂಖ್ಯೆಗಳು ಎಲ್ಲಾ ಉದಾಹರಣೆಗೆ ಕಟ್ಟಿದವು. ಆದರೆ ತಾಂತ್ರಿಕ ಕಾರಣ ನಿಜವಾಗಿ ಹೀಗೇ ಆಗುತ್ತದೆ.

ಕೇಸ್ ಇದು

ಮಡಿಕೇರಿಯಲ್ಲಿ ಆಫೀಸ್ ಇರುವ ಒಂದು ಕಾಫಿ ಖರೀದಿ ಕಂಪನಿ. ಸುಂಟಿಕೊಪ್ಪ, ಸಿದ್ದಾಪುರ, ಗೋಣಿಕೊಪ್ಪ, ಸೋಮವಾರಪೇಟೆಯಲ್ಲಿ ನಾಲ್ಕು ಖರೀದಿ ಕೇಂದ್ರಗಳು. ಬೆಳೆಗಾರರು ಜೀಪಲ್ಲೋ ಪಿಕಪ್ಪಲ್ಲೋ ಚೆರಿ, ಪಾರ್ಚ್‌ಮೆಂಟ್ ತರುತ್ತಾರೆ. ಕೇಂದ್ರದವರು ತೂಕ, ತೇವಾಂಶ, ಔಟ್‌ಟರ್ನ್ ನೋಡಿ ಆ್ಯಪ್‌ಗೆ ಹಾಕುತ್ತಾರೆ. ಆ್ಯಪ್ ರೇಟು ಲೆಕ್ಕ ಹಾಕಿ ಚೀಟಿ ಕೊಡುತ್ತದೆ, ಅದೇ ದಿನ ದುಡ್ಡು ಬ್ಯಾಂಕಿಗೆ ಹೋಗುತ್ತದೆ.

2026ರ ಜನವರಿ 12, ಸೋಮವಾರ. ಬೆಳಿಗ್ಗೆ 8ಕ್ಕೆ ಕೇಂದ್ರ ತೆರೆದರೆ ಆ್ಯಪ್ ‘ಸಂಪರ್ಕ ಇಲ್ಲ’ ಅನ್ನುತ್ತದೆ. 8.12ಕ್ಕೆ ಸುಂಟಿಕೊಪ್ಪದಿಂದ ಮೊದಲ ಫೋನ್. ನಮ್ಮ ಕಡೆ ನೆಟ್‌ವರ್ಕ್ ಹೋಗೋದು ಹೊಸದಲ್ಲ ಅಲ್ವಾ, ಎಲ್ಲರೂ ಮೊದಲು ಅದನ್ನೇ ಅಂದುಕೊಂಡರು. ನಾಲ್ಕೂ ಕಡೆ ಒಟ್ಟಿಗೆ ಹೋಗಿದೆ ಅಂತ ಗೊತ್ತಾಗಿ, ನಿಜವಾದ ಕಾರಣ ಸಿಕ್ಕಿದ್ದು 9.20ಕ್ಕೆ. ಸರ್ವರ್‌ನ ಸರ್ಟಿಫಿಕೇಟ್ ಅವಧಿ ಮುಗಿದಿತ್ತು. 9.48ಕ್ಕೆ ಹೊಸದು ಬಂತು. ಕೊನೆಯ ಕೇಂದ್ರ ‘ಈಗ ಆಗ್ತಾ ಇದೆ’ ಅಂತ ಹೇಳಿದ್ದು 10.05ಕ್ಕೆ.

ಹಂತ 1: ಬರೆಯೋಕೆ ಮುಂಚೆ ಸಮಯಗಳನ್ನು ಜೋಡಿಸಿ

ಕೀಬೋರ್ಡ್ ಮುಟ್ಟುವ ಮುಂಚೆ ಒಂದು ಹಾಳೆಯಲ್ಲಿ ಗಂಟೆ ನಿಮಿಷ ಬರೆದುಕೊಳ್ಳಿ. ನೆನಪಿನಿಂದ ಬೇಡ. ಫೋನಿನ ಕಾಲ್ ಲಿಸ್ಟ್, ವಾಟ್ಸಾಪ್ ಗುಂಪು, ಸರ್ವರ್ ಲಾಗ್, ಈ ಮೂರರಿಂದ ತೆಗೆಯಿರಿ. ನಮ್ಮ ಕೇಸಲ್ಲಿ ಹಳೆಯ ಸರ್ಟಿಫಿಕೇಟ್ ಇನ್ನೂ ಸರ್ವರ್‌ನಲ್ಲೇ ಇರುತ್ತದೆ, ಸರ್ಟಿಫಿಕೇಟನ್ನು ತಾನಾಗಿ ನವೀಕರಿಸುವ ಸರ್ಟ್‌ಬಾಟ್ ಅನ್ನುವ ಪ್ರೋಗ್ರಾಂ ಹಳೆಯದನ್ನು ಬೇರೆ ಫೋಲ್ಡರಿನಲ್ಲಿ ಇಟ್ಟಿರುತ್ತದೆ:

```
openssl x509 -noout -dates -in /etc/letsencrypt/archive/example.com/cert3.pem
notAfter=Jan 12 01:10:00 2026 GMT
```

(ಎರಡನೇ ಸಾಲು ಅದು ಕೊಡುವ ಉತ್ತರದ ಭಾಗ.) ಇಲ್ಲಿ ಜನ ಎಡವುತ್ತಾರೆ. ಕೊನೆಗೆ GMT ಅಂತ ಇದೆ ನೋಡಿ. ನಮ್ಮ ಸಮಯಕ್ಕೆ ಐದೂವರೆ ಗಂಟೆ ಸೇರಿಸಬೇಕು. ಅಂದರೆ ಅವಧಿ ಮುಗಿದಿದ್ದು ರಾತ್ರಿ 1.10ಕ್ಕಲ್ಲ, ಬೆಳಿಗ್ಗೆ 6.40ಕ್ಕೆ. ಮೇಲ್‌ನಲ್ಲಿ ಒಂದು ಕಡೆ 1.10, ಇನ್ನೊಂದು ಕಡೆ 8.12 ಅಂತ ಬಂದರೆ ‘ಏಳು ಗಂಟೆ ನಿದ್ದೆ ಮಾಡ್ತಿದ್ರಾ’ ಅನ್ನುವ ಪ್ರಶ್ನೆ ಖಂಡಿತ ಬರುತ್ತದೆ.

ಸಮಯ ಜೋಡಿಸಿದಾಗ ಎರಡು ಅವಧಿಗಳು ಕಾಣುತ್ತವೆ. ತೊಂದರೆ ಇದ್ದದ್ದು 6.40ರಿಂದ 9.48, ಅಂದರೆ 3 ಗಂಟೆ 8 ನಿಮಿಷ. ಬೆಳೆಗಾರರಿಗೆ ಬಿಸಿ ತಟ್ಟಿದ್ದು 8ರಿಂದ 10.05, ಅಂದರೆ 2 ಗಂಟೆ 5 ನಿಮಿಷ. ಮೇಲ್‌ನಲ್ಲಿ ಎರಡನೆಯದು ಮುಂದೆ ಬರಲಿ, ಯಾಕಂದರೆ ಓದುವವರಿಗೆ ಅದೇ ಬೇಕಿರೋದು. ಆದರೆ ಮೊದಲನೆಯದನ್ನು ಮುಚ್ಚಿಡಬೇಡಿ, ಒಂದು ಸಾಲಲ್ಲಿ ಹೇಳಿಬಿಡಿ. ಚಿಕ್ಕ ಸಂಖ್ಯೆ ಮಾತ್ರ ಕೊಟ್ಟು ದೊಡ್ಡದು ಆಮೇಲೆ ಬೇರೆಯವರ ಬಾಯಿಂದ ಗೊತ್ತಾದರೆ, ಮೇಲ್‌ನ ಉಳಿದ ಮಾತನ್ನೂ ಯಾರೂ ನಂಬಲ್ಲ.

ಹಂತ 2: ಪರಿಣಾಮವನ್ನು ಕೇಂದ್ರಗಳಿಗೆ ಫೋನ್ ಮಾಡಿ ಎಣಿಸಿ

ಇದಕ್ಕೆ ಜಾಸ್ತಿ ಹೊತ್ತು ಕೊಡಿ. ಐ.ಟಿ.ಯವರ ಹತ್ತಿರ ಇರುವ ಲೆಕ್ಕ ಸರ್ವರ್‌ನದ್ದು. ‘ಇಷ್ಟು ರಿಕ್ವೆಸ್ಟ್ ಫೇಲ್ ಆಯ್ತು’ ಅಂದರೆ ಚೇರ್ಮನ್‌ಗೆ ಏನೂ ತಿಳಿಯಲ್ಲ. ಒಬ್ಬನೇ ಬೆಳೆಗಾರನಿಗೆ ಕೇಂದ್ರದವರು ಇಪ್ಪತ್ತು ಸಲ ಬಟನ್ ಒತ್ತಿರಬಹುದು. ಬೇಕಾಗಿರುವುದು ಜನರ ಲೆಕ್ಕ, ಮಾಲಿನ ಲೆಕ್ಕ, ದುಡ್ಡಿನ ಲೆಕ್ಕ.

ನಾಲ್ಕೂ ಕೇಂದ್ರಕ್ಕೆ ಫೋನ್ ಮಾಡಿ ಇಷ್ಟು ಕೇಳಿ: ಆ ಹೊತ್ತಲ್ಲಿ ಎಷ್ಟು ಜನ ಬಂದರು? ಕೈಬರಹದ ಚೀಟಿ ಎಷ್ಟು ಕೊಟ್ಟಿರಿ? ಮಾಲು ಇಳಿಸದೆ ವಾಪಸ್ ಹೋದವರು ಎಷ್ಟು? ಅವರಲ್ಲಿ ಮತ್ತೆ ಬಂದವರು ಎಷ್ಟು?

ನಮ್ಮ ಕೇಸಲ್ಲಿ 43 ಕೈಚೀಟಿ ಸಿಕ್ಕವು. ಇದು ಕೈಯಲ್ಲಿ ಹಿಡಿದು ಎಣಿಸಿದ ಸಂಖ್ಯೆ. ವಾಪಸ್ ಹೋದವರು 18 ಅಂತ ಕೇಂದ್ರದವರು ನೆನಪಿಂದ ಹೇಳಿದರು. ನೆನಪನ್ನು ಹೇಗೆ ನಂಬೋದು? ಹಿಂದಿನ ಸೋಮವಾರ ಇದೇ ಹೊತ್ತಲ್ಲಿ ಆ್ಯಪ್‌ನಲ್ಲಿ 64 ಜನರ ಎಂಟ್ರಿ ಇತ್ತು. 43 ಮತ್ತು 18 ಸೇರಿದರೆ 61. ಹತ್ತಿರ ಇದೆ, ಹಾಗಾಗಿ ‘ಸುಮಾರು 18’ ಅಂತ ಧೈರ್ಯವಾಗಿ ಬರೆಯಬಹುದು. ಕೂಡಿದಾಗ 30 ಅಂತ ಬಂದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ ಅಂತ ಮತ್ತೆ ಫೋನ್ ಹಚ್ಚಬೇಕಿತ್ತು. ಎಣಿಸಿದ್ದು ಯಾವುದು, ಅಂದಾಜು ಯಾವುದು ಅಂತ ಮೇಲ್‌ನಲ್ಲೇ ಬೇರೆ ಮಾಡಿ ಹೇಳಿ.

ಮಂಗಳವಾರ ಸಂಜೆ ಹೊತ್ತಿಗೆ 18ರಲ್ಲಿ 11 ಜನ ವಾಪಸ್ ಬಂದು ಮಾಲು ಕೊಟ್ಟಿದ್ದರು. 7 ಜನ ಬಂದಿಲ್ಲ. ಇಡೀ ಮೇಲ್‌ನಲ್ಲಿ ಎಂ.ಡಿ.ಗೆ ಅತಿ ಮುಖ್ಯವಾದ ಸಂಖ್ಯೆ ಈ 7. ಯಾಕಂದರೆ ಅದರ ಬಗ್ಗೆ ಇನ್ನೂ ಏನಾದರೂ ಮಾಡಬಹುದು, ಫೋನ್ ಎತ್ತಿ ಮಾತಾಡಬಹುದು.

ನಷ್ಟ ಎಷ್ಟು ಅನ್ನೋದು ಬಂದೇ ಬರುತ್ತದೆ. ಇಲ್ಲಿ ಒಂದು ಕೆಟ್ಟ ಅಭ್ಯಾಸ ಇದೆ: ದಿನದ ವ್ಯಾಪಾರವನ್ನು ಗಂಟೆಗೆ ಭಾಗಿಸಿ, ನಿಂತ ಗಂಟೆಗೆ ಗುಣಿಸಿ ಇಷ್ಟು ಲಕ್ಷ ನಷ್ಟ ಅಂತ ಬರೆಯೋದು. ತಡವಾದ ದುಡ್ಡು ಬೇರೆ, ಹೋದ ದುಡ್ಡು ಬೇರೆ. 43 ಜನರ ದುಡ್ಡು ಮಂಗಳವಾರ ಮಧ್ಯಾಹ್ನ 1ಕ್ಕೆ ಹೋಯಿತು, ಅದು ತಡ. ಆ 7 ಜನ ಬೇರೆ ಕಡೆ ಮಾರಿದ್ದರೆ ಅದು ನಷ್ಟ, ಆದರೆ ಅವರ ಹತ್ತಿರ ಮಾತಾಡುವ ತನಕ ಅದು ಗೊತ್ತಾಗಲ್ಲ. ಗೊತ್ತಾಗದ್ದಕ್ಕೆ ರೂಪಾಯಿ ಬರೆಯಬೇಡಿ.

ಇನ್ನೊಂದು ಪ್ರಶ್ನೆ ಕೇಳುವ ಮುಂಚೆಯೇ ಉತ್ತರಿಸಿ: ಯಾರಾದರೂ ಹ್ಯಾಕ್ ಮಾಡಿದರಾ, ಮಾಹಿತಿ ಹೋಯ್ತಾ? ಸರ್ಟಿಫಿಕೇಟ್ ಅವಧಿ ಮುಗಿದರೆ ಆ್ಯಪ್ ತಾನೇ ಸಂಪರ್ಕ ನಿಲ್ಲಿಸುತ್ತದೆ, ಹಾಗಾಗಿ ಮಾಹಿತಿ ಸೋರಿಲ್ಲ. ಆದರೆ ‘ಇಲ್ಲ’ ಅಂತ ಬರೆಯೋಕೆ ಮುಂಚೆ ಒಂದು ವಿಚಾರಿಸಿ. ಯಾವುದಾದರೂ ಕೇಂದ್ರದಲ್ಲಿ ಕಂಪ್ಯೂಟರ್ ಬ್ರೌಸರಿನಲ್ಲಿ ಎಚ್ಚರಿಕೆ ಬಂದಾಗ ‘ಆದರೂ ಮುಂದುವರಿಸಿ’ ಒತ್ತಿದ್ದಾರಾ? ಒತ್ತಿದ್ದರೆ ಅದೂ ಮೇಲ್‌ನಲ್ಲಿ ಬರಬೇಕು. ಈ ಸಲ ನಮ್ಮದೇ ಸರ್ವರ್ ಇದ್ದಿದ್ದರಿಂದ ತೊಂದರೆ ಆಗಿಲ್ಲ. ಆದರೂ ಅದು ಬಿಡಿಸಬೇಕಾದ ಅಭ್ಯಾಸ.

ಹಂತ 3: ಕಾರಣವನ್ನು ಮೂರು ಪದರದಲ್ಲಿ ಹೇಳಿ

‘ಸರ್ಟಿಫಿಕೇಟ್ ಎಕ್ಸ್‌ಪೈರ್ ಆಗಿತ್ತು, ರಿನ್ಯೂ ಮಾಡಿದ್ದೇವೆ’. ಬಹಳ ಮೇಲ್‌ಗಳು ಇಲ್ಲೇ ನಿಲ್ಲುತ್ತವೆ. ಓದಿದವರಿಗೆ ಅನಿಸೋದು ಒಂದೇ: ಯಾರೋ ಡೇಟ್ ಮರೆತರು. ಅದು ನಿಜ ಅಲ್ಲ, ಮತ್ತೆ ಆಗದಂತೆ ಮಾಡೋಕೂ ಅದು ಉಪಯೋಗಕ್ಕೆ ಬರಲ್ಲ. ಮೂರು ಪ್ರಶ್ನೆ ಕೇಳಿಕೊಳ್ಳಿ: ಆ ಹೊತ್ತಲ್ಲಿ ಏನಾಯ್ತು? ಅದು ಆಗೋಕೆ ಏನು ದಾರಿ ಮಾಡಿಕೊಟ್ಟಿತು? ನಮಗೆ ಮುಂಚೆಯೇ ಯಾಕೆ ಗೊತ್ತಾಗಲಿಲ್ಲ?

ಮೊದಲನೆಯದಕ್ಕೆ ಹೋಲಿಕೆ ಬೇಕು, ಒಂದೇ ಸಾಕು. ಲಾರಿಯ ಎಫ್‌ಸಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ಎಂಜಿನ್ ಚೆನ್ನಾಗಿದೆ, ಮಾಲು ಒಳಗೇ ಇದೆ, ಆದರೆ ಎಫ್‌ಸಿ ಅವಧಿ ಮುಗಿದಿದ್ದರೆ ತಪಾಸಣೆಯಲ್ಲಿ ಲಾರಿ ನಿಲ್ಲುತ್ತದೆ. ಸರ್ವರ್ ಸರ್ಟಿಫಿಕೇಟೂ ಅಷ್ಟೇ. ಸರ್ವರ್ ಓಡುತ್ತಿತ್ತು, ಲೆಕ್ಕವೆಲ್ಲ ಸುರಕ್ಷಿತವಾಗಿತ್ತು, ಫೋನುಗಳು ಮಾತ್ರ ಅದನ್ನು ನಂಬಲಿಲ್ಲ. ಇದನ್ನು ಮೇಲ್‌ನಲ್ಲಿ ಎರಡು ಸಾಲಲ್ಲಿ ಮುಗಿಸಿ, ಎಳೆಯಬೇಡಿ.

ಎರಡನೆಯದು ನಿಜವಾದ ಕಾರಣ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಕೊಟ್ಟ ಈ ಸರ್ಟಿಫಿಕೇಟಿಗೆ 90 ದಿನ ಆಯಸ್ಸು. ಅಕ್ಟೋಬರ್ 14ಕ್ಕೆ ಬಂದದ್ದು ಜನವರಿ 12ಕ್ಕೆ ಮುಗಿಯುತ್ತದೆ. 30 ದಿನ ಉಳಿದಾಗ, ಅಂದರೆ ಡಿಸೆಂಬರ್ 13ರಿಂದ, ಸರ್ಟ್‌ಬಾಟ್ ತಾನಾಗಿ ನವೀಕರಣಕ್ಕೆ ಪ್ರಯತ್ನಿಸುತ್ತದೆ. ಆಗ ಲೆಟ್ಸ್ ಎನ್‌ಕ್ರಿಪ್ಟ್ ಹೊರಗಿಂದ ನಮ್ಮ ಸರ್ವರ್‌ಗೆ ಪೋರ್ಟ್ 80ರ ಮೂಲಕ ಬಂದು ‘ಇದು ನಿಮ್ಮದೇನಾ’ ಅಂತ ಪರೀಕ್ಷೆ ಮಾಡುತ್ತದೆ. ನವೆಂಬರ್ 20ಕ್ಕೆ ಭದ್ರತೆ ಬಿಗಿ ಮಾಡುವಾಗ ಫೈರ್‌ವಾಲ್‌ನಲ್ಲಿ ಅದೇ ಪೋರ್ಟ್ 80 ಮುಚ್ಚಿದರು. ಒಳ್ಳೆಯ ಉದ್ದೇಶ. ಆದರೆ ನವೀಕರಣಕ್ಕೆ ಅದು ಬೇಕು ಅನ್ನೋದು ಆ ಬದಲಾವಣೆಯ ಪಟ್ಟಿಯಲ್ಲಿ ಇರಲಿಲ್ಲ. ಅವತ್ತು ಏನೂ ಕೆಡಲಿಲ್ಲ, ಸುಮಾರು ಎಂಟು ವಾರ ಎಲ್ಲಾ ಸರಿಯಾಗೇ ಕಂಡಿತು.

ಮೂರನೆಯದು ಬರೆಯೋಕೆ ಕಷ್ಟ, ಅದಕ್ಕೇ ಅದು ಬೇಕು. ಒಂದು ತಿಂಗಳು ನವೀಕರಣ ಪ್ರತಿದಿನ ಸೋಲುತ್ತಿತ್ತು. ಅದು `/var/log/letsencrypt/` ಒಳಗೆ ದಾಖಲಾಗುತ್ತಿತ್ತು, ಯಾರಿಗೂ ಸಂದೇಶ ಹೋಗುತ್ತಿರಲಿಲ್ಲ. ಮುಂಚೆ ಲೆಟ್ಸ್ ಎನ್‌ಕ್ರಿಪ್ಟ್‌ನವರೇ ‘ಅವಧಿ ಮುಗಿಯುತ್ತಿದೆ’ ಅಂತ ಇಮೇಲ್ ಕಳಿಸುತ್ತಿದ್ದರು. ಆ ಸೇವೆಯನ್ನು 2025ರ ಜೂನ್ 4ಕ್ಕೆ ನಿಲ್ಲಿಸಿದರು, ಅದನ್ನು ಮೊದಲೇ ತಿಳಿಸಿದ್ದರು ಕೂಡ. ಮೇಲ್ ಬಂದಿಲ್ಲ ಅಂದರೆ ಎಲ್ಲಾ ಸರಿ ಇದೆ ಅಂತ ಟೀಂ ನಂಬಿಕೊಂಡಿತ್ತು. ಹಾಗಾಗಿ ಕೊನೆಗೆ ತಿಳಿಸಿದ್ದು ಸುಂಟಿಕೊಪ್ಪದ ಕೇಂದ್ರದವರು, ನಮ್ಮ ಯಾವ ವ್ಯವಸ್ಥೆಯೂ ಅಲ್ಲ. ಈ ವಾಕ್ಯ ಮೇಲ್‌ನಲ್ಲಿ ಇರಲೇಬೇಕು.

ಫೈರ್‌ವಾಲ್ ಬದಲಿಸಿದವರ ಹೆಸರು ಮಾತ್ರ ಬೇಡ. ಹೆಸರು ಬಂದ ಕೂಡಲೇ ಓದುವವರ ಗಮನ ಪೂರ್ತಿ ಆ ಮನುಷ್ಯನ ಮೇಲೆ ಹೋಗುತ್ತದೆ, ಮತ್ತೆ ಮುಂದಿನ ಸಲ ಏನಾದರೂ ಕೆಟ್ಟರೆ ಯಾರೂ ಬಾಯಿ ಬಿಡಲ್ಲ. ‘ಬದಲಾವಣೆ ಆದ ಮೇಲೆ ನವೀಕರಣ ಪರೀಕ್ಷಿಸುವ ಕ್ರಮ ನಮ್ಮಲ್ಲಿ ಇರಲಿಲ್ಲ’ ಅಂತ ಬರೆಯಿರಿ, ಅದು ಹೆಚ್ಚು ಸತ್ಯ.

ಹಂತ 4: ತಡೆಯುವ ಕೆಲಸಗಳಿಗೆ ತಾರೀಖು ಹಾಕಿ

‘ಇನ್ನು ಮುಂದೆ ಎಚ್ಚರಿಕೆ ವಹಿಸುತ್ತೇವೆ’ ಅನ್ನೋದನ್ನು ಅಳಿಸಿ. ಅದನ್ನು ಆಯ್ತೋ ಇಲ್ಲವೋ ಅಂತ ನೋಡೋಕೆ ಆಗಲ್ಲ. ಪ್ರತಿ ಕೆಲಸಕ್ಕೂ ಯಾರು, ಯಾವತ್ತು, ಆಗಿದೆ ಅಂತ ಹೇಗೆ ಗೊತ್ತಾಗುತ್ತದೆ, ಇಷ್ಟು ಬೇಕು. ಮೂರನೇ ಪ್ರಶ್ನೆ ಜಾಸ್ತಿ ಜನ ಬಿಡುತ್ತಾರೆ.

ಎಚ್ಚರಿಕೆ ಗಂಟೆಯನ್ನೇ ತಗೊಳ್ಳಿ. ಎಷ್ಟು ದಿನ ಮುಂಚೆ ಎಸ್‌ಎಂಎಸ್ ಬರಬೇಕು? 30 ದಿನ ಉಳಿದಾಗ ನವೀಕರಣ ತಾನೇ ಆಗಬೇಕು. 21 ದಿನ ಮಾತ್ರ ಉಳಿದಿದೆ ಅಂದರೆ ಅದು ಒಂಬತ್ತು ದಿನದಿಂದ ಸೋಲುತ್ತಿದೆ ಅಂತ ಅರ್ಥ. ಹಾಗಾಗಿ 21 ಸರಿ. 30ಕ್ಕೇ ಇಟ್ಟರೆ ಎಲ್ಲಾ ಸರಿ ಇದ್ದಾಗಲೂ ಸಂದೇಶ ಬಂದು ಜನ ಅದನ್ನು ನೋಡೋದೇ ಬಿಡುತ್ತಾರೆ. 3ಕ್ಕೆ ಇಟ್ಟರೆ ಹಬ್ಬದ ರಜೆಯಲ್ಲಿ ಬಂದರೆ ಮುಗಿಯಿತು. ಎಚ್ಚರಿಕೆ ಕೊಡುವ ವ್ಯವಸ್ಥೆ ಆ ಸರ್ವರ್‌ನ ಹೊರಗಿರಬೇಕು, ಸಂದೇಶ ಇಬ್ಬರಿಗೆ ಹೋಗಬೇಕು.

ಫೈರ್‌ವಾಲ್ ಬದಲಿಸಿದ ದಿನವೇ ಈ ಒಂದು ಸಾಲು ಓಡಿಸಿದರೆ, ನವೀಕರಣ ಆಗುತ್ತದೋ ಇಲ್ಲವೋ ಅವತ್ತೇ ಗೊತ್ತಾಗುತ್ತದೆ:

```
certbot renew --dry-run
```

ಇದು ನಿಜವಾಗಿ ಏನನ್ನೂ ಬದಲಿಸಲ್ಲ, ಪರೀಕ್ಷೆ ಮಾತ್ರ. ಈ ಕಮಾಂಡ್ ನಿಮ್ಮ ಟೀಂಗೆ. ಮೇಲಿನವರ ಮೇಲ್‌ನಲ್ಲಿ ‘ಅದೇ ದಿನ ಪರೀಕ್ಷೆ’ ಅಂದರೆ ಸಾಕು.

ಪೋರ್ಟ್ 80 ಪೂರ್ತಿ ತೆರೆದಿಡಲು ಭದ್ರತೆಯವರು ಒಪ್ಪದಿದ್ದರೆ ‘ಲೆಟ್ಸ್ ಎನ್‌ಕ್ರಿಪ್ಟ್‌ನ ವಿಳಾಸಗಳಿಗೆ ಮಾತ್ರ ಬಿಡೋಣ’ ಅಂತ ಯಾರಾದರೂ ಹೇಳುತ್ತಾರೆ. ಅದು ಆಗಲ್ಲ. ಅವರು ಬೇರೆ ಬೇರೆ ಕಡೆಯಿಂದ ಪರೀಕ್ಷೆ ಮಾಡುತ್ತಾರೆ, ವಿಳಾಸಗಳ ಪಟ್ಟಿ ಕೊಡಲ್ಲ. ಡಿಎನ್‌ಎಸ್ ದಾಖಲೆಯ ಮೂಲಕ ಪರೀಕ್ಷೆ ಮಾಡುವ ವಿಧಾನಕ್ಕೆ ಹೋದರೆ ಪೋರ್ಟ್ 80 ಬೇಕಾಗಿಲ್ಲ. ನಮ್ಮ ಕೇಸಲ್ಲಿ ಅದನ್ನೇ ಆರಿಸೋಣ.

ಹಂತ 5: ಈಗ ಬರೆಯಿರಿ

ಘಟನೆಯ ದಿನವೇ ‘ಆ್ಯಪ್ ಸರಿಯಾಗಿದೆ, ವಿವರ ನಾಳೆ’ ಅಂತ ಎರಡು ಸಾಲು ಹೋಗಿರಲಿ. ಪೂರ್ತಿ ಮೇಲ್ ಮರುದಿನ ಸಂಜೆ. ವಿಷಯದ ಸಾಲಲ್ಲೇ ಮುಖ್ಯ ಮಾತು ಇರಬೇಕು, ಬಹಳ ಜನ ಫೋನಿನಲ್ಲಿ ಅಷ್ಟೇ ಓದುತ್ತಾರೆ.

> ವಿಷಯ: ಜ. 12ರಂದು ಖರೀದಿ ಆ್ಯಪ್ 2 ಗಂಟೆ ನಿಂತಿತ್ತು, ಈಗ ಸರಿಯಾಗಿದೆ. 7 ಬೆಳೆಗಾರರಿಗೆ ಫೋನ್ ಮಾಡಲು ಒಪ್ಪಿಗೆ ಬೇಕು
>
> ನಮಸ್ಕಾರ ಸರ್, ಮೇಡಂ,
>
> ಸೋಮವಾರ ಬೆಳಿಗ್ಗೆ 8ರಿಂದ 10.05ರ ವರೆಗೆ ನಾಲ್ಕೂ ಕೇಂದ್ರಗಳಲ್ಲಿ ಖರೀದಿ ಆ್ಯಪ್ ಕೆಲಸ ಮಾಡಲಿಲ್ಲ. ಈಗ ಎಲ್ಲಾ ಸರಿಯಾಗಿದೆ. ಯಾವ ಲೆಕ್ಕವೂ ಕಳೆದಿಲ್ಲ, ಮಾಹಿತಿ ಹೊರಗೆ ಹೋಗಿಲ್ಲ, ಇದು ಹ್ಯಾಕ್ ಅಲ್ಲ.
>
> ನಿಮ್ಮಿಂದ ಬೇಕಾದದ್ದು: ಮಾಲು ಕೊಡದೆ ಹೋದವರಲ್ಲಿ 7 ಜನ ಇನ್ನೂ ಬಂದಿಲ್ಲ. ಸಂಕ್ರಾಂತಿ ರಜೆಗೆ ಮುಂಚೆ, ಬುಧವಾರವೇ, ಫೀಲ್ಡ್ ಆಫೀಸರ್‌ಗಳು ಅವರಿಗೆ ಫೋನ್ ಮಾಡಲು ಒಪ್ಪಿಗೆ ಕೊಡಿ. ಪಟ್ಟಿ ಸಿದ್ಧವಿದೆ.
>
> ಪರಿಣಾಮ: 43 ಬೆಳೆಗಾರರಿಗೆ ಕೈಚೀಟಿ ಕೊಟ್ಟೆವು. ಅವರ ದುಡ್ಡು ಸೋಮವಾರದ ಬದಲು ಮಂಗಳವಾರ ಮಧ್ಯಾಹ್ನ 1ಕ್ಕೆ ಹೋಗಿದೆ. ಸುಮಾರು 18 ಜನ (ಕೇಂದ್ರದವರ ಅಂದಾಜು) ಮಾಲು ಇಳಿಸದೆ ಹೋದರು, 11 ಜನ ವಾಪಸ್ ಬಂದರು. ಎರಡು ಕೈಚೀಟಿ ಎರಡು ಸಲ ಎಂಟ್ರಿ ಆಗಿದ್ದವು, ದುಡ್ಡು ಹೋಗುವ ಮುಂಚೆ ಸರಿ ಮಾಡಿದ್ದೇವೆ.
>
> ಕಾರಣ: ಸರ್ವರ್ ನಂಬಿಕಸ್ಥ ಅಂತ ಫೋನುಗಳಿಗೆ ತೋರಿಸುವ ಸರ್ಟಿಫಿಕೇಟಿನ ಅವಧಿ ಬೆಳಿಗ್ಗೆ 6.40ಕ್ಕೆ ಮುಗಿಯಿತು. ಲಾರಿ ಚೆನ್ನಾಗಿದ್ದರೂ ಎಫ್‌ಸಿ ಮುಗಿದರೆ ನಿಲ್ಲಿಸಿದ ಹಾಗೆ. ಅದು ತಾನಾಗಿ ನವೀಕರಣ ಆಗಬೇಕಿತ್ತು. ನವೆಂಬರ್ 20ರಂದು ಭದ್ರತೆಗಾಗಿ ಮಾಡಿದ ಬದಲಾವಣೆಯಿಂದ ನವೀಕರಣ ನಿಂತಿತು, ಅದನ್ನು ಅವತ್ತೇ ಪರೀಕ್ಷಿಸುವ ಕ್ರಮ ನಮ್ಮಲ್ಲಿ ಇರಲಿಲ್ಲ. ಡಿಸೆಂಬರ್ 13ರಿಂದ ಅದು ಸೋಲುತ್ತಿದ್ದರೂ ನಮಗೆ ಸೂಚನೆ ಬರುವ ವ್ಯವಸ್ಥೆ ಇರಲಿಲ್ಲ. ಮೊದಲು ತಿಳಿಸಿದ್ದು 8.12ಕ್ಕೆ ಸುಂಟಿಕೊಪ್ಪ ಕೇಂದ್ರ. ನೆಟ್‌ವರ್ಕ್ ತೊಂದರೆ ಅಂದುಕೊಂಡಿದ್ದರಿಂದ ಕಾರಣ ಹುಡುಕಲು ಒಂದು ಗಂಟೆಗೂ ಜಾಸ್ತಿ ಹಿಡಿಯಿತು. 9.48ಕ್ಕೆ ಸರಿಪಡಿಸಿದೆವು.
>
> ಮತ್ತೆ ಆಗದಂತೆ:
> ಆಗಿದೆ, ಜ. 13: ಅವಧಿ 21 ದಿನಕ್ಕಿಂತ ಕಡಿಮೆ ಆದರೆ ಐ.ಟಿ. ಮುಖ್ಯಸ್ಥರಿಗೆ ಮತ್ತು ನನಗೆ ಎಸ್‌ಎಂಎಸ್. ಪರೀಕ್ಷಿಸಿ ನೋಡಿದ್ದೇವೆ.
> ಜ. 16, ಐ.ಟಿ. ಮುಖ್ಯಸ್ಥರು: ಭದ್ರತಾ ಬದಲಾವಣೆ ಆದ ದಿನವೇ ನವೀಕರಣ ಪರೀಕ್ಷೆ, ಫಲಿತಾಂಶ ಬರೆದಿಡಬೇಕು.
> ಜ. 19, ಖರೀದಿ ವಿಭಾಗ: ಪ್ರತಿ ಕೇಂದ್ರದಲ್ಲಿ ತೂಕ, ತೇವಾಂಶ, ಔಟ್‌ಟರ್ನ್ ಕಾಲಂ ಇರುವ ಅಚ್ಚು ಚೀಟಿ ಪುಸ್ತಕ.
> ಜ. 23, ಐ.ಟಿ. ಮುಖ್ಯಸ್ಥರು: ಈ ಬಗೆಯ ಭದ್ರತಾ ಬದಲಾವಣೆಯಿಂದ ನಿಲ್ಲದ ನವೀಕರಣ ವಿಧಾನ.
>
> ಇದರಿಂದ ತಪ್ಪದ್ದು: ಮಳೆಗಾಲದಲ್ಲಿ ಕೇಬಲ್ ತುಂಡಾದರೆ ಅಥವಾ ಕರೆಂಟ್ ಹೋದರೆ ಆ್ಯಪ್ ಈಗಲೂ ನಿಲ್ಲುತ್ತದೆ. ಆಗ ಚೀಟಿ ಪುಸ್ತಕ ಮಾತ್ರ ಆಸರೆ. ಕೇಂದ್ರಗಳಿಗೆ ಎರಡನೇ ಇಂಟರ್‌ನೆಟ್ ಲೈನ್ ಬೇಕೇ ಅನ್ನುವುದನ್ನು ಖರ್ಚಿನ ಸಮೇತ ಬೇರೆಯಾಗಿ ಕಳಿಸುತ್ತೇನೆ.

‘ಇದರಿಂದ ತಪ್ಪದ್ದು’ ಅನ್ನುವ ಭಾಗ ಬಿಡಬೇಡಿ. ಜೂನ್‌ನಲ್ಲಿ ಮರ ಬಿದ್ದು ಲೈನ್ ಹೋದಾಗ ‘ಸರಿ ಮಾಡಿದ್ದೇವೆ ಅಂದಿದ್ರಲ್ಲ’ ಅಂತ ಕೇಳುವ ಹಕ್ಕು ಅವರಿಗಿದೆ.

ಹಂತ 6: ಕಳಿಸುವ ಮುಂಚೆ ಮತ್ತು ಆಮೇಲೆ

ಕಳಿಸುವ ಮುಂಚೆ ಕಂಪ್ಯೂಟರ್ ಗೊತ್ತಿಲ್ಲದ ಒಬ್ಬರಿಗೆ, ಲೆಕ್ಕ ವಿಭಾಗದವರಾದರೂ ಸರಿ, ಓದೋಕೆ ಕೊಡಿ. ಆಮೇಲೆ ‘ಯಾಕೆ ನಿಂತಿತು, ನೀವೇ ಹೇಳಿ ನೋಡೋಣ’ ಅಂತ ಕೇಳಿ. ಅವರು ‘ಡೇಟ್ ಮರೆತರಂತೆ’ ಅಂದರೆ ಕಾರಣದ ಭಾಗವನ್ನು ಮತ್ತೆ ಬರೆಯಿರಿ.

ಮೇಲ್ ಹೋದ ಮೇಲೆ ಫೋನ್ ಬರುತ್ತದೆ. ಹೆಚ್ಚಾಗಿ ಬರುವ ಪ್ರಶ್ನೆ: ‘ದುಡ್ಡು ಕೊಟ್ಟು ಒಂದು ವರ್ಷದ ಸರ್ಟಿಫಿಕೇಟ್ ತಗೊಂಡ್ರೆ ಮುಗೀತಲ್ಲ?’ ಉತ್ತರ ಸಿದ್ಧ ಇರಲಿ. ಬ್ರೌಸರ್ ಕಂಪನಿಗಳು ಮತ್ತು ಸರ್ಟಿಫಿಕೇಟ್ ಕೊಡುವವರು ಸೇರಿ ಮಾಡಿದ ನಿಯಮದ ಪ್ರಕಾರ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ದುಡ್ಡು ಕೊಟ್ಟರೂ ಅಷ್ಟೇ. ಕ್ಯಾಲೆಂಡರಿನಲ್ಲಿ ಬರೆದಿಟ್ಟು ಕೈಯಿಂದ ಮಾಡುವ ಕಾಲ ಮುಗಿಯುತ್ತಿದೆ, ತಾನಾಗಿ ಆಗುವ ವ್ಯವಸ್ಥೆಯನ್ನೇ ಗಟ್ಟಿ ಮಾಡಬೇಕು.

‘ದೊಡ್ಡ ಕಂಪನಿಗಳಿಗೂ ಹೀಗಾಗುತ್ತಾ?’ ಅಂತಲೂ ಕೇಳಬಹುದು. ಆಗುತ್ತದೆ. 2018ರ ಡಿಸೆಂಬರ್ 6ರಂದು ಎರಿಕ್ಸನ್ ಸಾಫ್ಟ್‌ವೇರಿನಲ್ಲಿ ಒಂದು ಸರ್ಟಿಫಿಕೇಟ್ ಅವಧಿ ಮುಗಿದು ಬ್ರಿಟನ್ನಿನ ಒ2 ಗ್ರಾಹಕರ ಮೊಬೈಲ್ ಡೇಟಾ ನಿಂತುಹೋಗಿತ್ತು. ಕೇಳಿದರೆ ಹೇಳಿ, ಮೇಲ್‌ನಲ್ಲಿ ಮಾತ್ರ ಹಾಕಬೇಡಿ. ಕೇಳದೇ ಹೇಳಿದರೆ ಅದು ನೆಪದ ಹಾಗೆ ಕೇಳಿಸುತ್ತದೆ.

ಕೊನೆಗೆ ನಿಮ್ಮ ಕ್ಯಾಲೆಂಡರಿಗೆ ಎರಡು ತಾರೀಖು ಹಾಕಿಕೊಳ್ಳಿ. ಜನವರಿ 30ಕ್ಕೆ ನಾಲ್ಕು ಕೆಲಸ ಎಲ್ಲಿಗೆ ಬಂದವು, ಆ 7 ಜನ ಏನಂದರು ಅಂತ ಅದೇ ಮೇಲ್‌ಗೆ ರಿಪ್ಲೈ ಮಾಡಿ. ಇನ್ನೊಂದು ಮಾರ್ಚ್ 16. ಜನವರಿ 12ರ ಹೊಸ ಸರ್ಟಿಫಿಕೇಟ್ ಏಪ್ರಿಲ್ 12ಕ್ಕೆ ಮುಗಿಯುತ್ತದೆ, ಹಾಗಾಗಿ ಮಾರ್ಚ್ 13ರ ಸುಮಾರಿಗೆ ಅದು ತಾನಾಗಿ ನವೀಕರಣ ಆಗಬೇಕು. ಅಲ್ಲಿಯ ತನಕ ನಾವು ಸರಿ ಮಾಡಿದ್ದು ಪರೀಕ್ಷೆಯಲ್ಲಿ ಮಾತ್ರ ಪಾಸಾಗಿದೆ. ಅವತ್ತು ಸರ್ವರ್ ನೋಡಿ, ಹೊಸ ತಾರೀಖು ಬಂದಿದ್ದರೆ ಇಷ್ಟು ಕಳಿಸಿ:

> ಸರ್, ಮೇಡಂ, ಜನವರಿ 12ರ ವಿಷಯದ ಮುಂದುವರಿಕೆ. ಸರ್ಟಿಫಿಕೇಟ್ ಈ ಸಲ ಯಾರೂ ಕೈ ಹಾಕದೆ ತಾನಾಗಿ ನವೀಕರಣ ಆಗಿದೆ. ಈ ಘಟನೆಯ ಕಡತ ಮುಚ್ಚುತ್ತಿದ್ದೇವೆ.